ಆರಾಧನೆಯ ಸಂಜೆಗೊಂದು ನಿರೂಪಣೆಯ ಪ್ರತಿ

ಪುರಂದರದಾಸರ ಆರಾಧನೆಯು ಪುಷ್ಯ ಬಹುಳ ಅಮಾವಾಸ್ಯೆಯಂದು, ಅಂದರೆ ಜನವರಿ ಅಥವಾ ಫೆಬ್ರವರಿಯಲ್ಲಿ, ಕರ್ನಾಟಕದ ಅನೇಕ ದೇವಸ್ಥಾನಗಳಲ್ಲಿ, ಮಠಗಳಲ್ಲಿ ಮತ್ತು ಸಂಗೀತ ಸಭೆಗಳಲ್ಲಿ ನಡೆಯುತ್ತದೆ. ದಾಸರು 1564ರಲ್ಲಿ ಹಂಪಿಯಲ್ಲಿ ದೇಹ ಬಿಟ್ಟ ತಿಥಿ ಇದೆಂಬುದು ಪರಂಪರೆಯ ನಂಬಿಕೆ. ಅಂದಿನ ಸಂಜೆ ಮಕ್ಕಳ ಗೀತೆ, ಗೋಷ್ಠಿಗಾಯನ, ಒಬ್ಬರೋ ಇಬ್ಬರೋ ವಿದ್ವಾಂಸರ ದೇವರನಾಮಗಳು, ಚಿಕ್ಕದೊಂದು ಸಭೆ, ಮಂಗಳಾರತಿ ಇವೆಲ್ಲ ಎರಡೂವರೆ ಗಂಟೆಯೊಳಗೆ ಸೇರಬೇಕಾಗುವುದರಿಂದ, ಅವುಗಳನ್ನು ಪೋಣಿಸುವ ನಿರೂಪಕರ ಕೈಯಲ್ಲಿ ಯಾರು ಯಾವಾಗ ಬರುತ್ತಾರೆಂಬ ಪಟ್ಟಿಯಷ್ಟೇ ಇದ್ದರೆ ಸಾಲದು. ಹಿಗ್ಗಿಸಲೂ ಕುಗ್ಗಿಸಲೂ ಬರುವಂತೆ ಬರೆದಿಟ್ಟುಕೊಂಡ ಒಂದು ಪ್ರತಿ ಬೇಕಾಗುತ್ತದೆ. ಅಂಥ ಪ್ರತಿಯನ್ನು ಕಟ್ಟುವ ಕ್ರಮವನ್ನು ಆರಾಧನೆಯ ಒಂದು ಸಂಜೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಮುಂದೆ ವಿವರಿಸಲಾಗಿದೆ.

ಪ್ರತಿಯ ಮೊದಲ ಹಾಳೆಯಲ್ಲಿ ಇರಬೇಕಾದದ್ದು ಮಾತಲ್ಲ, ವೇಳೆ. ಸಂಜೆ 6ಕ್ಕೆ ಆರಂಭವಾಗಿ ರಾತ್ರಿ 8.30ಕ್ಕೆ ಮುಗಿಯಬೇಕಾದ ಕಾರ್ಯಕ್ರಮದಲ್ಲಿ ದೀಪ ಬೆಳಗುವುದಕ್ಕೂ ಮಕ್ಕಳ ಪಿಳ್ಳಾರಿ ಗೀತೆಗೂ 10 ನಿಮಿಷ, ಸ್ವಾಗತಕ್ಕೆ 5 ನಿಮಿಷ, ನವರತ್ನಮಾಲಿಕೆಯೆಂದು ಆರಾಧನೆಗಳಲ್ಲಿ ಒಟ್ಟಾಗಿ ಹಾಡುವ ಒಂಬತ್ತು ಕೀರ್ತನೆಗಳ ಪೈಕಿ ಐದರ ಗೋಷ್ಠಿಗಾಯನಕ್ಕೆ 25 ನಿಮಿಷ, ವೇದಿಕೆ ಸಜ್ಜುಗೊಳಿಸುವುದಕ್ಕೆ 5 ನಿಮಿಷ ಹಿಡಿದರೆ ಗಂಟೆ 6.45 ಆಗುತ್ತದೆ. ಅಲ್ಲಿಂದ 7.35ರವರೆಗೆ ಗಾಯಕಿಯೊಬ್ಬರ ದೇವರನಾಮಗಳು, 7.50ರವರೆಗೆ ಅತಿಥಿಗಳ ಮಾತು ಮತ್ತು ಸನ್ಮಾನ, 8.20ರವರೆಗೆ ಗಾಯಕರೊಬ್ಬರ ದಾಸವಾಣಿ, ಉಳಿದ 10 ನಿಮಿಷದಲ್ಲಿ ವಂದನಾರ್ಪಣೆ, ಮಂಗಳ ಮತ್ತು ಮಂಗಳಾರತಿ. ಈ ಪಟ್ಟಿಯಲ್ಲಿ ನಿರೂಪಣೆಗೆಂದೇ ಪ್ರತ್ಯೇಕ ವೇಳೆ ಕಾಣುವುದಿಲ್ಲ. ಅದು ಪ್ರತಿಯೊಂದು ಅಂಶದ ಒಳಗಿನಿಂದಲೇ ಬರಬೇಕು. ಸಾವಧಾನವಾಗಿ ಓದುವಾಗ ಒಂದು ನಿಮಿಷಕ್ಕೆ 100ರ ಒಳಗಿನಷ್ಟೇ ಕನ್ನಡ ಪದಗಳು ಸಾಗುವುದರಿಂದ, ಒಂದು ಪುಟ ತುಂಬ ಬರೆದ ಪರಿಚಯವು ಎರಡು ಮೂರು ನಿಮಿಷವನ್ನು ನುಂಗಿಬಿಡುತ್ತದೆ. ಅಂಥ ಎಂಟು ಪರಿಚಯಗಳಾದರೆ ಗಾಯಕರೊಬ್ಬರ ಪಾಲಿನ ವೇಳೆಯಲ್ಲಿ ಬಹುಪಾಲು ಅವುಗಳಿಗೇ ಹೋಯಿತೆಂದು ಲೆಕ್ಕ. ಬರೆದ ಪ್ರತಿಯೊಂದು ಭಾಗವನ್ನೂ ಗಡಿಯಾರ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿ, ತಗಲಿದ ಸೆಕೆಂಡುಗಳನ್ನು ಅಂಚಿನಲ್ಲಿ ಗುರುತಿಸಿಕೊಳ್ಳುವುದು ಈ ಕಾರಣಕ್ಕೆ ಅಗತ್ಯ.

ಕಾರ್ಯಕ್ರಮದ ಅನುಕ್ರಮವನ್ನು ನಿಶ್ಚಯಿಸುವಾಗ ಸಂಘಟಕರು ಹಿರಿತನ, ಪ್ರಸಿದ್ಧಿ, ಅತಿಥಿಗಳ ಅನುಕೂಲ ಇವುಗಳನ್ನು ನೋಡುತ್ತಾರೆ. ನಿರೂಪಕರು ಅವುಗಳ ಜೊತೆಗೆ ಶ್ರುತಿಯನ್ನೂ ನೋಡಬೇಕು. ಗಾಯನಕ್ಕೆ ಆಧಾರವಾಗಿ ಹಿಡಿಯುವ ಷಡ್ಜದ ಎತ್ತರವೇ ಶ್ರುತಿ. ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ, ನಡುವಿನ ಕಪ್ಪು ಮನೆಗೆ ಅರ್ಧ ಸೇರಿಸಿ, ಅದನ್ನು ಒಂದು ಮನೆ, ಐದೂವರೆ ಮನೆ ಎಂದು ಕರೆಯುವ ರೂಢಿಯಿದೆ. ಸಾಮಾನ್ಯವಾಗಿ ಗಾಯಕಿಯರು 5 ಮನೆಯ ಆಸುಪಾಸಿನಲ್ಲಿಯೂ ಗಾಯಕರು 1 ಮನೆಯ ಆಸುಪಾಸಿನಲ್ಲಿಯೂ ಹಾಡುತ್ತಾರೆ. ಒಂದೇ ಮೃದಂಗವನ್ನು ಅಷ್ಟು ದೂರ ಏರಿಸಲಾಗಲಿ ಇಳಿಸಲಾಗಲಿ ಬರುವುದಿಲ್ಲವಾದ್ದರಿಂದ ವಾದಕರು ಎರಡು ಮೃದಂಗಗಳನ್ನು ತರಬೇಕಾಗುತ್ತದೆ, ಮತ್ತು ಎರಡನೆಯದರ ಎಡಮುಖಕ್ಕೆ ರವೆಯ ಕಣಕವನ್ನು ಮೆತ್ತಿ, ಬಲಮುಖದ ಅಂಚನ್ನು ಸುತ್ತಲೂ ತಟ್ಟಿ ಶ್ರುತಿಗೆ ಕೂಡಿಸುವುದಕ್ಕೆ ಕೆಲವು ನಿಮಿಷ ಬೇಕೇ ಬೇಕು. ಗಾಯಕಿ, ಗಾಯಕ, ಮತ್ತೆ ಗಾಯಕಿ ಎಂಬ ಕ್ರಮವಿಟ್ಟರೆ ಈ ಕೆಲಸ ಎರಡು ಬಾರಿ ನಡೆಯಬೇಕಾಗುತ್ತದೆ. ಒಂದೇ ಎತ್ತರದ ಶ್ರುತಿಯವರನ್ನು ಒಟ್ಟಿಗೆ ಕೂಡಿಸಿದರೆ ಒಂದೇ ಬಾರಿ ಸಾಕು. ಮೇಲಿನ ಪಟ್ಟಿಯಲ್ಲಿ ಗಾಯಕಿಯ ಮತ್ತು ಗಾಯಕರ ನಡುವೆ ಸಭೆಯನ್ನು ಇಟ್ಟಿರುವುದು ಇದಕ್ಕಾಗಿಯೇ: ಮುಂದೆ ಅತಿಥಿಗಳು ಮಾತನಾಡುತ್ತಿರುವಾಗ ಒಳಗಿನ ಕೋಣೆಯಲ್ಲಿ ಮೃದಂಗ ಸಿದ್ಧವಾಗುತ್ತದೆ, ಪ್ರೇಕ್ಷಕರಿಗೆ ವೇದಿಕೆ ಖಾಲಿಯೆನಿಸುವುದೇ ಇಲ್ಲ. ಪ್ರತಿಯೊಬ್ಬ ಗಾಯಕರ ಹೆಸರಿನ ಪಕ್ಕದಲ್ಲಿ ಅವರ ಶ್ರುತಿಯ ಮನೆಯನ್ನು ಬರೆದಿಟ್ಟುಕೊಂಡ ನಿರೂಪಕರಿಗೆ ಯಾವ ಸಂಧಿಯಲ್ಲಿ ಮಾತು ಉದ್ದವಾಗಬೇಕು, ಎಲ್ಲಿ ಎರಡೇ ವಾಕ್ಯ ಸಾಕು ಎಂಬುದು ಮೊದಲೇ ತಿಳಿದಿರುತ್ತದೆ.

ಎರಡು ರಚನೆಗಳನ್ನು ಬೆಸೆಯುವ ಮಾತನ್ನು ಹೇಗೆ ಬರೆಯಬೇಕೆಂಬುದು ಈ ಕೆಲಸದ ತಿರುಳು. ಇದೀಗ ಸೊಗಸಾದ ಗಾಯನ ಕೇಳಿದೆವು, ಮುಂದೆ ಮತ್ತೊಂದು ಸುಮಧುರ ಗಾಯನ ಎಂಬ ಮಾದರಿಯ ವಾಕ್ಯ ಯಾವ ಎರಡು ಹಾಡುಗಳ ನಡುವೆಯೂ ಕೂರುತ್ತದೆಯಾದ್ದರಿಂದ ಯಾವುದನ್ನೂ ಬೆಸೆಯುವುದಿಲ್ಲ. ಮುಗಿದ ಹಾಡಿನೊಳಗಿನ ಒಂದು ವಿವರವನ್ನು ಹಿಡಿದು, ಬರುವ ಹಾಡಿನೊಳಗಿನ ಒಂದು ವಿವರದವರೆಗೆ ಕೇಳುಗರನ್ನು ತಲುಪಿಸಿ, ಅಲ್ಲಿಗೇ ಬಿಟ್ಟುಬಿಡುವ ಮಾತು ಮಾತ್ರ ಆ ಕೆಲಸ ಮಾಡಬಲ್ಲದು. ಉದಾಹರಣೆಗೆ, ಲಕ್ಷ್ಮಿಯನ್ನು ಮನೆಗೆ ಕರೆಯುವ ದೇವರನಾಮವೊಂದು ಮುಗಿದು, ಮನೆಮನೆಯ ಮುಂದೆ ನಿಂತು ಭಿಕ್ಷೆಯೆತ್ತುವ ದಾಸವೃತ್ತಿಯನ್ನು ಹಾಡುವ ರಚನೆ ಬರಲಿದೆಯೆಂದು ಇಟ್ಟುಕೊಂಡರೆ, ನಡುವಿನ ಮಾತು ಹೀಗಿರಬಹುದು:

“ಲಕ್ಷ್ಮಿಯನ್ನು ಇಷ್ಟು ಆದರದಿಂದ ಕರೆದ ದಾಸರ ಮನೆಯಲ್ಲಿ ಒಂದು ಕಾಲಕ್ಕೆ ಸಂಪತ್ತಿಗೆ ಕೊರತೆಯಿರಲಿಲ್ಲ. ಕರೆದದ್ದು ಸಿರಿಯ ಒಡತಿಯನ್ನು. ತಮಗಾಗಿ ಬೇಡಿದ್ದು ಮಾತ್ರ ದಿನಕ್ಕೊಂದು ಹಿಡಿ ಅಕ್ಕಿ. // ಶ್ರೀನಿವಾಸ ನಾಯಕರೆಂಬ ಆ ವ್ಯಾಪಾರಿಯನ್ನು ಜನ ನವಕೋಟಿ ನಾರಾಯಣರೆಂದು ಕರೆಯುತ್ತಿದ್ದರಂತೆ. ಹೆಂಡತಿ ಬಡ ಬ್ರಾಹ್ಮಣನಿಗೆ ದಾನವಿತ್ತ ಒಂದು ಮೂಗುತಿ ಅವರ ಕಣ್ಣು ತೆರೆಸಿತೆಂದು ಪರಂಪರೆ ಹೇಳುತ್ತದೆ. // ಹೂವಿಗೆ ನೋವಾಗದಂತೆ ದುಂಬಿ ಮಧು ಕೂಡಿಸುವ ಹಾಗೆ ಒಂದೊಂದು ಮನೆಯಿಂದ ಒಂದಿಷ್ಟೇ ಪಡೆಯುವ ಆ ಬದುಕಿಗೆ ಮಧುಕರ ವೃತ್ತಿಯೆಂದು ಹೆಸರು. ನಾಳೆಗೆಂದು ಕೂಡಿಡುವುದು ಅದರಲ್ಲಿ ಸಲ್ಲದು. // ಮುಂದಿನ ರಚನೆ, ಬೀದಿಯಲ್ಲಿ ನಿಂತವರ ದನಿ.”

ಎರಡು ಗೆರೆಗಳಿರುವಲ್ಲೆಲ್ಲ ಮಾತನ್ನು ನಿಲ್ಲಿಸಿ ನೇರವಾಗಿ ಕೊನೆಯ ವಾಕ್ಯಕ್ಕೆ ಜಿಗಿಯಬಹುದು. ಗಾಯಕಿ ಆಗಲೇ ಸಿದ್ಧರಾಗಿದ್ದರೆ ಮೊದಲ ಮೂರು ವಾಕ್ಯವೂ ಕೊನೆಯದೂ ಸೇರಿ ಹದಿನೈದಿಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಪಿಟೀಲಿನ ತಂತಿ ಇಳಿದು ಶ್ರುತಿ ಸೇರಿಸುತ್ತಿದ್ದರೆ ಪೂರ್ತಿ ಓದಿದರೂ ಒಂದು ನಿಮಿಷದೊಳಗೆ ಕೊನೆಗೊಳ್ಳುತ್ತದೆ. ಹೀಗೆ ನಿಲುಗಡೆಗಳನ್ನು ಗುರುತಿಸಿ ಬರೆಯುವಾಗ ಪಾಲಿಸಬೇಕಾದ ನಿಯಮ ಒಂದೇ: ಯಾವ ಭಾಗವೂ ಮುಂದಿನ ಭಾಗವನ್ನು ನಂಬಿ ನಿಲ್ಲಬಾರದು. ಕತೆಯ ಆರಂಭವನ್ನು ಮೊದಲ ಭಾಗದಲ್ಲಿಟ್ಟು ಅಂತ್ಯವನ್ನು ಮೂರನೆಯದರಲ್ಲಿಟ್ಟರೆ, ನಡುವೆ ಗಾಯಕಿ ಸಿದ್ಧರೆಂದು ಸನ್ನೆ ಮಾಡಿದಾಗ ನಿರೂಪಕರು ನಿಲ್ಲಿಸಲೂ ಆಗದೆ ಮುಂದುವರಿಸಲೂ ಆಗದೆ ಸಿಕ್ಕಿಕೊಳ್ಳುತ್ತಾರೆ. ಕೊನೆಯ ವಾಕ್ಯವನ್ನು ಮಾತ್ರ ಹಾಳೆ ನೋಡದೆ ಹೇಳುವಷ್ಟು ಬಾಯಿಪಾಠ ಮಾಡಿಕೊಂಡಿರಬೇಕು, ಏಕೆಂದರೆ ಆ ಕ್ಷಣದಲ್ಲಿ ಕಣ್ಣು ವೇದಿಕೆಯ ಮೇಲಿರಬೇಕೇ ಹೊರತು ಕಾಗದದ ಮೇಲಲ್ಲ. ಸಿದ್ಧತೆಯ ಸನ್ನೆಯನ್ನು ಮೃದಂಗದವರಿಂದ ಪಡೆಯುವುದು ಒಳ್ಳೆಯದು; ಸಾಮಾನ್ಯವಾಗಿ ಎಲ್ಲರಿಗಿಂತ ಕೊನೆಗೆ ಶ್ರುತಿ ಸೇರುವುದು ಅವರ ವಾದ್ಯವೇ.

ಬರಲಿರುವ ಹಾಡಿನ ಅರ್ಥವನ್ನು ಪೂರ್ತಿ ಬಿಡಿಸಿ ಹೇಳುವ ಚಾಳಿಯನ್ನು ಬಿಡಬೇಕು. ಪಲ್ಲವಿ, ಅನುಪಲ್ಲವಿ, ಚರಣಗಳ ಸಾರವನ್ನೆಲ್ಲ ಗದ್ಯದಲ್ಲಿ ಕೇಳಿದ ಮೇಲೆ ಹಾಡಿಗೆ ಹೇಳಲು ಉಳಿಯುವುದು ಕಡಿಮೆ. ಅದರ ಬದಲು ಇಂದಿನ ಕೇಳುಗರಿಗೆ ತೊಡಕಾಗಬಹುದಾದ ಒಂದು ಹಳೆಯ ಪದವನ್ನು ಮೊದಲೇ ಬಿಡಿಸಿಕೊಟ್ಟರೆ, ಆ ಪದ ಚರಣದಲ್ಲಿ ಬಂದಾಗ ಸಭೆಗೆ ಅದರ ಗುರುತು ಸಿಗುವುದು ಕಣ್ಣಿಗೇ ಕಾಣುತ್ತದೆ. ಮಕ್ಕಳ ಪಿಳ್ಳಾರಿ ಗೀತೆಯ ನಂತರದ ಮಾತಿಗೂ ಇಂಥದೇ ಒಂದು ಸಣ್ಣ ವಿವರ ಸಾಕು: ಸರಳೆವರಸೆಯನ್ನು ಮಾಯಾಮಾಳವಗೌಳದಲ್ಲಿ ಕಲಿತ ಮಗು ಮೊದಲ ಗೀತೆಯನ್ನು ಅದೇ ರಾಗದಿಂದ ಹುಟ್ಟಿದ ಮಲಹರಿಯಲ್ಲಿ ಕಲಿಯುವ ಈ ಕ್ರಮವನ್ನು ದಾಸರೇ ಹಾಕಿಕೊಟ್ಟರೆಂದು ಸಂಪ್ರದಾಯ ನಂಬುತ್ತದೆ, ಮತ್ತು ಅವರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ಕರೆಯುವುದಕ್ಕೆ ಆಧಾರವೂ ಅದೇ. ಇಷ್ಟನ್ನು ಹೇಳಿದರೆ, ಸ್ವರ ಜಾರಿದ ಮಗುವನ್ನೂ ಸಭೆ ಗೌರವದಿಂದ ಕಾಣುತ್ತದೆ.

ತಪ್ಪಿಲ್ಲದೆ ಹೇಳಬೇಕಾದ ಎರಡು ಸಂಗತಿಗಳೆಂದರೆ ಅಂಕಿತ ಮತ್ತು ರಾಗ. ರಚನೆಯ ಕೊನೆಯ ಚರಣದಲ್ಲಿ ಕವಿ ತನ್ನ ಗುರುತಾಗಿ ಇರಿಸುವ ದೇವರ ಹೆಸರಿಗೆ ಅಂಕಿತ ಅಥವಾ ಮುದ್ರಿಕೆ ಎನ್ನುತ್ತಾರೆ: ಶ್ರೀಪಾದರಾಜರದು ರಂಗವಿಠಲ, ಪುರಂದರದಾಸರದು ಪುರಂದರವಿಠಲ, ಕನಕದಾಸರದು ಕಾಗಿನೆಲೆಯಾದಿಕೇಶವ, ವಾದಿರಾಜರದು ಹಯವದನ, ವಿಜಯದಾಸರದು ವಿಜಯವಿಠಲ. ಜನಪ್ರಿಯ ದೇವರನಾಮಗಳನ್ನೆಲ್ಲ ಪುರಂದರದಾಸರ ಲೆಕ್ಕಕ್ಕೆ ಸೇರಿಸುವ ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಕೂಡ ಎಷ್ಟೋ ವೇದಿಕೆಗಳಲ್ಲಿ ಶಿಷ್ಯರಾದ ದಾಸರ ಹೆಸರಿನಲ್ಲಿ ಘೋಷಣೆಯಾಗಿಬಿಡುತ್ತದೆ. ಗಾಯಕರಿಂದ ಹಾಡಿನ ಪಟ್ಟಿ ಪಡೆದ ದಿನವೇ ಪ್ರತಿಯೊಂದರ ಕೊನೆಯ ಚರಣವನ್ನು ಓದಿ ಅಂಕಿತವನ್ನು ನೋಡಿಕೊಂಡರೆ ಈ ತಪ್ಪು ತಪ್ಪುತ್ತದೆ. ರಾಗದ ವಿಷಯ ಬೇರೆ. ಬಹುತೇಕ ದೇವರನಾಮಗಳ ಮೂಲ ಧಾಟಿ ಉಳಿದು ಬಂದಿಲ್ಲ. ನಂತರದ ಗಾಯಕರು ತಮಗೊಪ್ಪಿದ ರಾಗದಲ್ಲಿ ಅವುಗಳನ್ನು ಕೂಡಿಸಿಕೊಂಡಿದ್ದಾರೆ. ಆದ್ದರಿಂದ ಪುಸ್ತಕದಲ್ಲಿ ಮುದ್ರಿತವಾದ ರಾಗವನ್ನು ನಂಬಿ ಘೋಷಿಸಿದರೆ ಗಾಯಕಿ ಬೇರೊಂದನ್ನು ಹಾಡಬಹುದು, ಅಥವಾ ಅಂದಿನ ಕಂಠದ ಸ್ಥಿತಿ ನೋಡಿಕೊಂಡು ಹಾಡನ್ನೇ ಬದಲಿಸಬಹುದು. ವೇದಿಕೆ ಏರುವ ಮುನ್ನ ಗಾಯಕರನ್ನೇ ಕೇಳಿ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು, ಖಚಿತವಿಲ್ಲದಿದ್ದರೆ ರಾಗವನ್ನು ಹೇಳದೆಯೇ ಬಿಡುವುದು ಸರಿಯಾದ ದಾರಿ.

ಉಗಾಭೋಗದಿಂದ ಆರಂಭಿಸುವ ಗಾಯಕರ ಮುಂದೆ ನಿರೂಪಕರು ಇನ್ನೂ ಎಚ್ಚರದಿಂದಿರಬೇಕಾಗುತ್ತದೆ. ತಾಳದ ಕಟ್ಟಿಲ್ಲದೆ ಸಾಹಿತ್ಯವನ್ನು ರಾಗದಲ್ಲಿ ನಿಧಾನವಾಗಿ ಹರಿಸುವ ಚಿಕ್ಕ ರಚನೆಗೆ ಉಗಾಭೋಗವೆಂದು ಹೆಸರು. ಅದರ ಬೆನ್ನಿಗೇ ದೇವರನಾಮ ಬರುತ್ತದೆ. ಉಗಾಭೋಗ ಮುಗಿದೊಡನೆ ಮೃದಂಗ ಸುಮ್ಮನಿರುವುದನ್ನು ಕಂಡು ಹಾಡು ಮುಗಿಯಿತೆಂದು ಭಾವಿಸಿ ಮೈಕಿಗೆ ಬಂದರೆ ರಸಭಂಗವಾಗುತ್ತದೆ. ಹಾಡಿನ ಪಟ್ಟಿಯಲ್ಲಿ ಇಂಥ ಜೋಡಿಗಳ ಸುತ್ತ ಒಂದು ಗೆರೆ ಎಳೆದಿಟ್ಟುಕೊಂಡರೆ ಸಾಕು.

ಇನ್ನು ವಿಳಂಬದ ಮಾತು. ವೇದಿಕೆಯ ಮೇಲಿನ ಎಲ್ಲ ತಡವೂ ಒಂದೇ ಬಗೆಯದಲ್ಲ, ಎಲ್ಲಕ್ಕೂ ಮಾತೇ ಮದ್ದೂ ಅಲ್ಲ. ತಂಬೂರಿ ಮೀಟುತ್ತ ಶ್ರುತಿ ಸೇರಿಸುವ ಒಂದೆರಡು ನಿಮಿಷ ಪ್ರೇಕ್ಷಕರಿಗೆ ಬೇಸರ ತರುವುದಿಲ್ಲ. ಬರಲಿರುವ ಗಾಯನಕ್ಕೆ ಕಿವಿಗಳು ಅಲ್ಲಿಯೇ ಹದವಾಗುತ್ತವೆ. ಆಗ ಮೈಕಿನಲ್ಲಿ ಮಾತು ಮುಂದುವರಿಸಿದರೆ ವಾದಕರಿಗೆ ಶ್ರುತಿಯೇ ಕೇಳಿಸದೆ ತಡ ಇನ್ನೂ ಬೆಳೆಯುತ್ತದೆ. ಅಲ್ಲಿ ನಿರೂಪಕರ ಮೌನವೇ ಸರಿ. ಎರಡರಿಂದ ಐದು ನಿಮಿಷದವರೆಗಿನ ತಡಕ್ಕೆ, ಅಂದರೆ ಮೈಕು ಬದಲಿಸುವುದು, ಕಡಿದ ತಂತಿಯನ್ನು ಹೊಸದಾಗಿ ಕಟ್ಟುವುದು ಇಂಥವಕ್ಕೆ, ಯಾವ ಹಾಡಿಗೂ ಅಂಟಿಕೊಳ್ಳದ ಎರಡು ಮೂರು ಮೀಸಲು ಬರಹಗಳು ಪ್ರತಿಯ ಕೊನೆಯಲ್ಲಿ ಇರಬೇಕು. ಹಂಪಿಯಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಪುರಂದರ ಮಂಟಪ, ವ್ಯಾಸಕೂಟ ಮತ್ತು ದಾಸಕೂಟ ಎಂಬ ಎರಡು ಮಾತುಗಳ ಅರ್ಥ, ಅಂಕಿತವನ್ನು ಗುರುವಿನಿಂದ ಪಡೆಯುವ ಸಂಪ್ರದಾಯ, ಇವು ಅಂಥ ಬರಹಕ್ಕೆ ತಕ್ಕ ವಸ್ತುಗಳು. ಇವುಗಳಲ್ಲಿಯೂ ಮೇಲೆ ಹೇಳಿದಂತೆ ನಿಲುಗಡೆಗಳಿರಬೇಕು. ಭಕ್ತಿಸಂಗೀತದ ಸಭೆಯಲ್ಲಿ ಹೊತ್ತು ಕಳೆಯಲು ಚಪ್ಪಾಳೆ ಹೊಡೆಸುವುದು, ನಗೆಹನಿ ಹೇಳುವುದು, ಯಾರು ಎಲ್ಲಿಂದ ಬಂದಿದ್ದೀರಿ ಎಂದು ಕೇಳುವುದು ಆವರೆಗೆ ಕೂಡಿಬಂದ ಭಾವವನ್ನು ಕದಡುತ್ತದೆ, ಮತ್ತೆ ಅದನ್ನು ಕೂಡಿಸಲು ಮುಂದಿನ ಗಾಯಕಿಗೆ ಒಂದು ಹಾಡು ಪೂರ್ತಿ ಬೇಕಾಗುತ್ತದೆ.

ಐದು ನಿಮಿಷ ಮೀರುವ ತಡವನ್ನು ಮಾತಿನಿಂದ ತುಂಬಲು ಹೊರಡಬಾರದು, ಅನುಕ್ರಮವನ್ನೇ ಬದಲಿಸಬೇಕು. ಮೇಲಿನ ಪಟ್ಟಿಯಲ್ಲಿ ಗೋಷ್ಠಿಗಾಯನ ಮುಗಿಯುವ 6.40ರ ಹೊತ್ತಿಗೆ ಗಾಯಕಿಯ ಪಿಟೀಲು ವಾದಕರು ಇನ್ನೂ ದಾರಿಯಲ್ಲಿದ್ದು, ತಲುಪಲು 25 ನಿಮಿಷವಾಗುವುದೆಂದು ಫೋನು ಬಂದಿತೆಂದು ಭಾವಿಸೋಣ. ಅತಿಥಿಗಳು ಆಗಲೇ ಬಂದು ಕುಳಿತಿದ್ದರೆ 15 ನಿಮಿಷದ ಸಭೆಯನ್ನು ಮುಂದಕ್ಕೆ ತರಬಹುದು. ಎರಡು ನಿಮಿಷದಲ್ಲಿ ಕುರ್ಚಿಗಳನ್ನು ಹಾಕಿಸಿದರೆ ಅದು 6.57ಕ್ಕೆ ಮುಗಿಯುತ್ತದೆ. ಗೋಷ್ಠಿಯವರು ಅಭ್ಯಾಸ ಮಾಡಿ ಉಳಿಸಿಕೊಂಡಿರುವ ನಾಲ್ಕು ಕೀರ್ತನೆಗಳಲ್ಲಿ ಎರಡನ್ನು ಹಾಡಿಸಿದರೆ ಗಂಟೆ 7.05 ಆಗುತ್ತದೆ, ಅಷ್ಟರಲ್ಲಿ ವಾದಕರೂ ಬಂದಿರುತ್ತಾರೆ. 7.10ಕ್ಕೆ ಕುಳಿತ ಗಾಯಕಿ, ಒಂದು ಹಾಡನ್ನು ಬಿಟ್ಟು, 45 ನಿಮಿಷ ಹಾಡಿದರೆ 7.55. ಇಲ್ಲಿ ಮೊದಲು ಕಾಣದಿದ್ದ ಒಂದು ಕಂದರ ತೆರೆದುಕೊಳ್ಳುತ್ತದೆ: ಮೃದಂಗ ಬದಲಿಸುವ ವೇಳೆಯನ್ನು ಮರೆಮಾಡಿದ್ದ ಸಭೆ ಆಗಲೇ ಮುಗಿದುಹೋಗಿದೆ. ಮೀಸಲು ಬರಹಗಳಲ್ಲಿ ಉದ್ದವಾದದ್ದನ್ನು ಬಳಸಬೇಕಾದ ಜಾಗ ಇದೇ, ಸಂಜೆಯ ಆರಂಭದ ತಡಕ್ಕೇ ಅದನ್ನು ಓದಿ ಮುಗಿಸಿದ್ದರೆ ಈಗ ಕೈ ಬರಿದಾಗಿರುತ್ತದೆ. 8ಕ್ಕೆ ಗಾಯಕರು ಆರಂಭಿಸಿ 25 ನಿಮಿಷ ಹಾಡಿದರೆ, ವಂದನೆ ಮತ್ತು ಮಂಗಳ ಸೇರಿ 8.35ಕ್ಕೆ ಕಾರ್ಯಕ್ರಮ ಮುಗಿಯುತ್ತದೆ. ವೇಳೆ ಕಡಿಮೆಯಾಗುವ ವಿಷಯವನ್ನು ಇಬ್ಬರು ಕಲಾವಿದರಿಗೂ ಅವರು ವೇದಿಕೆ ಏರುವ ಮೊದಲೇ ಸಂಘಟಕರ ಮೂಲಕ ತಿಳಿಸಬೇಕು. ಹಾಡುತ್ತಿರುವವರ ಮುಂದೆ ಚೀಟಿ ಇಡುವುದು ಅಗೌರವವಾಗುತ್ತದೆ.

ಇಂಥ ಬದಲಾವಣೆಯನ್ನು ಸಭೆಗೆ ತಿಳಿಸುವ ಮಾತು ಒಂದೇ ಸಲ ಬರಬೇಕು, ನಿಜವಾಗಿರಬೇಕು, ಮುಂದೆ ಏನು ನಡೆಯಲಿದೆ ಎಂಬುದನ್ನು ಹೇಳಬೇಕು: “ಅನುಕ್ರಮದಲ್ಲಿ ಒಂದು ಸಣ್ಣ ಬದಲಾವಣೆ. ಅತಿಥಿಗಳ ಮಾತನ್ನು ಈಗಲೇ ಕೇಳೋಣ. ದೇವರನಾಮಗಳ ಗಾಯನ ಏಳು ಗಂಟೆಯ ನಂತರ ಆರಂಭವಾಗುತ್ತದೆ.” ತಡವಾದವರ ಹೆಸರಾಗಲಿ ಕಾರಣವಾಗಲಿ ಇದರಲ್ಲಿ ಬೇಕಿಲ್ಲ, ಅವರು ಬಂದು ಕುಳಿತ ಮೇಲೆ ಪಕ್ಕವಾದ್ಯದವರನ್ನು ಪರಿಚಯಿಸುವಾಗಲೂ ಅದರ ಪ್ರಸ್ತಾಪ ಬರಕೂಡದು. ಇನ್ನೇನು ಐದೇ ನಿಮಿಷ ಎಂದು ಮತ್ತೆ ಮತ್ತೆ ಹೇಳುವ ಮಾತಂತೂ ಎರಡನೆಯ ಸಲಕ್ಕೇ ನಂಬಿಕೆ ಕಳೆದುಕೊಳ್ಳುತ್ತದೆ. ಮುಖ್ಯ ಅತಿಥಿಗಳೇ ತಡವಾದರೆ ಅವರಿಗಾಗಿ ದೀಪವನ್ನು ಕಾಯಿಸದೆ, ಊರಿನ ಹಿರಿಯರಿಂದಲೋ ಸಂಗೀತ ಗುರುಗಳಿಂದಲೋ ಬೆಳಗಿಸಿ ಗಾಯನವನ್ನು ಆರಂಭಿಸುವುದು ಲೇಸು. ಹಾಡಿನ ನಡುವೆ ಅವರು ಬಂದರೆ ಹಾಡು ಮುಗಿಯುವವರೆಗೆ ಸ್ವಾಗತದ ಮಾತು ಬೇಡ. ಕರೆಂಟು ಹೋದರೆ ಮೈಕೂ ಇಲ್ಲದ, ವಿದ್ಯುತ್ತಿನ ಶ್ರುತಿಪೆಟ್ಟಿಗೆಯೂ ಇಲ್ಲದ ಆ ಹೊತ್ತಿಗೆ ಗೋಷ್ಠಿಯವರಿಂದ ಒಂದು ನಾಮಸಂಕೀರ್ತನೆಯನ್ನು ಎತ್ತಿಸಿ ಸಭೆಯಿಂದ ಮರುದನಿ ಕೊಡಿಸುವುದನ್ನು ಮೊದಲೇ ಮಾತನಾಡಿಕೊಂಡಿರಬಹುದು.

ಪ್ರತಿಯ ರೂಪದ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಹಾಳೆಯ ಒಂದೇ ಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ, ಒಂದು ಅಂಶಕ್ಕೆ ಒಂದು ಹಾಳೆಯಂತೆ ಬರೆದು, ಹೊಲಿಯದೆ ಬಿಡಿಯಾಗಿಟ್ಟುಕೊಂಡರೆ ಅನುಕ್ರಮ ಬದಲಾದಾಗ ಹಾಳೆಯನ್ನೇ ಹಿಂದೆ ಮುಂದೆ ಮಾಡಬಹುದು. ಕಲಾವಿದರ ಹೆಸರನ್ನು ಅವರೇ ಬರೆದುಕೊಟ್ಟಂತೆ, ವಿದ್ವಾನ್, ವಿದುಷಿ ಮುಂತಾದ ಗೌರವಪದಗಳೊಂದಿಗೆ ಪ್ರತ್ಯೇಕ ಸಾಲಿನಲ್ಲಿಡಬೇಕು. ಗಾಯಕರಿಗೆ ವಿದ್ವಾನ್ ಎಂದು ಹೇಳಿ ಮೃದಂಗದವರನ್ನು ಬರಿಯ ಹೆಸರಿನಿಂದ ಕರೆಯುವುದನ್ನು ಸಂಗೀತದ ಸಭೆ ಬೇಗ ಗಮನಿಸುತ್ತದೆ.

ಮುಕ್ತಾಯದ ಕ್ರಮದಲ್ಲಿ ಅನೇಕ ಸಂಜೆಗಳು ಎಡವುತ್ತವೆ. ಮಂಗಳವನ್ನು ಹಾಡಿದ ಮೇಲೆ ವಂದನಾರ್ಪಣೆಗೆ ನಿಂತರೆ ಪ್ರೇಕ್ಷಕರು ಎದ್ದು ಪ್ರಸಾದದ ಸಾಲಿನತ್ತ ಹೊರಟಿರುತ್ತಾರೆ. ಮಂಗಳವೆಂದರೆ ಮುಗಿಯಿತೆಂದೇ ಅವರ ಕಿವಿಗೆ ರೂಢಿ. ಆದ್ದರಿಂದ ಗಾಯಕರ ಕೊನೆಯ ದೇವರನಾಮವಾದೊಡನೆ, ಅವರು ವೇದಿಕೆಯಲ್ಲಿ ಕುಳಿತಿರುವಾಗಲೇ, ಮೂರು ನಾಲ್ಕು ನಿಮಿಷದ ವಂದನಾರ್ಪಣೆಯನ್ನು ಮುಗಿಸಬೇಕು. ಮಂಗಳಾರತಿಗೆ ಎದ್ದು ನಿಲ್ಲುವ ವಿನಂತಿ, ತೀರ್ಥಪ್ರಸಾದ ಯಾವ ಬಾಗಿಲಲ್ಲಿ ದೊರೆಯುತ್ತದೆ, ಮಕ್ಕಳನ್ನು ಪಾಲಕರು ಎಲ್ಲಿಂದ ಕರೆದುಕೊಂಡು ಹೋಗಬೇಕು ಎಂಬ ಸೂಚನೆಗಳೂ ಅದರೊಳಗೇ ಸೇರಬೇಕು. ಆಮೇಲೆ ಮೈಕನ್ನು ಗಾಯಕರಿಗೆ ಬಿಟ್ಟುಕೊಟ್ಟು ನಿರೂಪಕರು ವೇದಿಕೆಯಿಂದ ಕೆಳಗಿಳಿದರೆ, ಗೋಷ್ಠಿಯವರೂ ದನಿಗೂಡಿಸುವ ಮಂಗಳದಿಂದ ನೇರವಾಗಿ ಆರತಿಯ ಗಂಟೆಗೆ ಸಾಗಬಹುದು.